ಇವತ್ತೇನು ತಿಥಿ, ಎಷ್ಟು ಗಂಟೆವರೆಗೆ?

ಪಾಂಡವಪುರದಲ್ಲಿ ಕೂತು ದಿನಾ ರಾತ್ರಿ ಮಾರನೆಯ ದಿನದ ಪಂಚಾಂಗವನ್ನು ಮುಕ್ಕಾಲು ನಿಮಿಷದ ವಿಡಿಯೋಗೆ ಬರೆದುಕೊಡುವುದು ನನ್ನ ಕೆಲಸ. ಬೆಳಗ್ಗೆ ಐದಕ್ಕೆ ಅದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಫೋನುಗಳಿಗೆ ಹೋಗುತ್ತದೆ. ನೋಡುವವರಲ್ಲಿ ಹಾಲು ಹಾಕಲು ಡೇರಿಗೆ ಹೊರಟವರಿದ್ದಾರೆ, ಉಪವಾಸ ಇರುವ ಹೆಂಗಸರಿದ್ದಾರೆ, ಅವತ್ತೇ ಮನೆಗೆ ಪಾಯ ತೆಗೆಯುವವರಿದ್ದಾರೆ. ಅವರೆಲ್ಲ ಆ ಮಾತನ್ನು ನಂಬಿ ಕೆಲಸಕ್ಕೆ ಕೈಹಾಕುತ್ತಾರೆ. ತಪ್ಪು ಮಾಡಿ, ತಿದ್ದಿಕೊಂಡು, ಪುರೋಹಿತರನ್ನು ಕೇಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ತಿಥಿ ಹೇಳಿದರೆ ಸಾಲದು, ಅದು ಮುಗಿಯುವ ಹೊತ್ತನ್ನೂ ಹೇಳಬೇಕು

ಮೊದಲ ಕೆಲವು ತಿಂಗಳು ನಾನು "ಇವತ್ತು ಚತುರ್ದಶಿ" ಎಂದಷ್ಟೇ ಬರೆಯುತ್ತಿದ್ದೆ. ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ದಪ್ಪಕ್ಷರದಲ್ಲಿ ಇರುವುದೂ ಅಷ್ಟೇ. ಆ ಹೆಸರು ಸೂರ್ಯ ಹುಟ್ಟುವಾಗ ಯಾವ ತಿಥಿ ಇತ್ತು ಎಂಬುದನ್ನು ಮಾತ್ರ ತಿಳಿಸುತ್ತದೆ. ಚಂದ್ರನು ಸೂರ್ಯನಿಂದ ಹನ್ನೆರಡು ಡಿಗ್ರಿ ಮುಂದೆ ಸರಿಯಲು ಹಿಡಿಯುವ ಕಾಲವೇ ಒಂದು ತಿಥಿ. ಚಂದ್ರನ ಓಟ ಒಂದೇ ಸಮನಾಗಿ ಇರುವುದಿಲ್ಲ. ಭೂಮಿಗೆ ಹತ್ತಿರ ಇದ್ದಾಗ ವೇಗ ಹೆಚ್ಚು, ದೂರ ಹೋದಾಗ ನಿಧಾನ. ಹಾಗಾಗಿ ಒಂದು ತಿಥಿ ಇಪ್ಪತ್ತು ಗಂಟೆಗೇ ಮುಗಿಯಬಹುದು, ಇಪ್ಪತ್ತಾರೂವರೆ ಗಂಟೆಗೂ ಮೀರಿ ನಡೆಯಬಹುದು. ಸೂರ್ಯೋದಯಕ್ಕೆ ಶುರುವಾಗಿ ಸೂರ್ಯೋದಯಕ್ಕೆ ಮುಗಿಯುವುದಕ್ಕೆ ಅದೇನು ವಾರವಲ್ಲ.

ಹಾಗಾಗಿ ಈಗ ನನ್ನ ಬರಹದಲ್ಲಿ ತಿಥಿಯ ಹೆಸರಿನ ಜೊತೆಗೇ "ಇಷ್ಟು ಗಂಟೆವರೆಗೆ, ಆಮೇಲೆ ಇಂಥದ್ದು" ಎಂದು ಇರುತ್ತದೆ. ಪಂಚಾಂಗದವರು "ಉಪರಿ" ಎಂದು ಬರೆಯುವುದನ್ನೇ ನಾನು "ಆಮೇಲೆ" ಎನ್ನುತ್ತೇನೆ. ಆ ಒಂದು ಮಾತು ಸೇರಿಸಿದ ಮೇಲೆ "ನಮ್ಮ ಐನೋರು ಅಮಾಸೆ ಅಂತಾರೆ, ನೀವು ಚತುರ್ದಶಿ ಅಂತೀರಲ್ಲ" ಎಂಬ ಫೋನುಗಳು ಮುಕ್ಕಾಲು ಪಾಲು ನಿಂತವು.

2. ತಿಥಿಯ ಮುಕ್ತಾಯ ದೇಶಕ್ಕೆಲ್ಲ ಒಂದೇ, ಸೂರ್ಯೋದಯ ಮಾತ್ರ ಆಯಾ ಊರಿನದು

ಇದು ತಲೆಗೆ ಹೋಗಲು ನನಗೆ ತುಂಬ ದಿನ ಬೇಕಾಯಿತು. ತಿಥಿ ಬದಲಾಗುವುದು ಆಕಾಶದಲ್ಲಿ ಒಂದೇ ಕ್ಷಣದಲ್ಲಿ. ಒಂದೇ ಪದ್ಧತಿಯ ಗಣಿತವಾದರೆ ದೆಹಲಿಯ ಗಡಿಯಾರಕ್ಕೂ ಕಿಕ್ಕೇರಿಯ ಗಡಿಯಾರಕ್ಕೂ ಅದು ಒಂದೇ ಸಮಯ. ಆದರೆ ರಾಹುಕಾಲ, ಗುಳಿಕ, ಯಮಗಂಡ, ಅಭಿಜಿತ್ ಎಲ್ಲವೂ ಸೂರ್ಯೋದಯದ ಮೇಲೆ ನಿಂತಿವೆ, ಸೂರ್ಯೋದಯ ಊರೂರಿಗೆ ಬೇರೆ.

ಫೋನಿನ ಪಂಚಾಂಗ ಆ್ಯಪುಗಳಲ್ಲಿ ಊರನ್ನು ನಾವೇ ಆರಿಸದಿದ್ದರೆ ದೆಹಲಿಯೋ ಉಜ್ಜಯಿನಿಯೋ ಇರುತ್ತದೆ. ಜನವರಿ ನಡುವಿನಲ್ಲಿ ದೆಹಲಿಯ ಸೂರ್ಯೋದಯ 7:15ರ ಸುಮಾರಿಗೆ, ಶ್ರೀರಂಗಪಟ್ಟಣದ್ದು 6:48ಕ್ಕೆ. ಜೂನ್ ನಡುವಿನಲ್ಲಿ ಅದು ತಿರುಗುಮುರುಗು. ಅಲ್ಲಿ 5:23ಕ್ಕೇ ಬೆಳಗಾದರೆ ನಮಗೆ ಆರಕ್ಕೆ ಎರಡು ಮೂರು ನಿಮಿಷ ಇರುವಾಗ. ಆ ಅರ್ಧ ಗಂಟೆಯ ನಡುವೆ ತಿಥಿ ಬದಲಾದರೆ ದಿನದ ಹೆಸರೇ ಬೇರೆಯಾಗುತ್ತದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಪಂಚಾಂಗ ಗಣಿತದಲ್ಲಿ ನಂಬತಕ್ಕದ್ದು, ಕನ್ನಡದಲ್ಲೂ ಬರುತ್ತದೆ. ಆದರೆ ಅದು ಪೂರ್ವ ರೇಖಾಂಶ 82½ ಡಿಗ್ರಿಯ ಮೇಲೆ, ಉತ್ತರ ಅಕ್ಷಾಂಶ 23 ಡಿಗ್ರಿ 11 ಕಲೆಯಲ್ಲಿ ಒಂದು ಜಾಗವನ್ನು ದೇಶದ ಮಧ್ಯ ಎಂದು ಇಟ್ಟುಕೊಂಡು ಲೆಕ್ಕ ಹಾಕುತ್ತದೆ. ಅದರ ತಿಥಿಯ ಮುಕ್ತಾಯವನ್ನು ತೆಗೆದುಕೊಳ್ಳುತ್ತೇನೆ, ಸೂರ್ಯೋದಯವನ್ನು ತೆಗೆದುಕೊಳ್ಳುವುದಿಲ್ಲ.

ನಾಲ್ಕು ತಾಲ್ಲೂಕಿಗೆ ನಾಲ್ಕು ಲೆಕ್ಕ ಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಪಶ್ಚಿಮದ ಕೆ.ಆರ್. ಪೇಟೆಗೂ ಪೂರ್ವದ ನಾಗಮಂಗಲಕ್ಕೂ ಸೂರ್ಯೋದಯದಲ್ಲಿ ಒಂದು ನಿಮಿಷದ ಆಚೀಚೆ ವ್ಯತ್ಯಾಸ, ಅಷ್ಟೇ. ಶ್ರೀರಂಗಪಟ್ಟಣದ್ದನ್ನು ಇಟ್ಟುಕೊಂಡು, ಅದನ್ನು ಬಾಯಿಬಿಟ್ಟು ಹೇಳುತ್ತೇನೆ. ವಿದೇಶದಲ್ಲಿರುವ ಮಕ್ಕಳಿಗೆ ತಾಯಂದಿರು ಈ ವಿಡಿಯೋ ಕಳಿಸುವುದುಂಟು. ಅಲ್ಲಿಗೆ ತಿಥಿಯ ಸಮಯವನ್ನು ಅಲ್ಲಿನ ಗಡಿಯಾರಕ್ಕೆ ಬದಲಿಸಿದರೆ ನಡೆಯುತ್ತದೆ, ರಾಹುಕಾಲವನ್ನು ಹಾಗೆ ಬದಲಿಸಿದರೆ ನಡೆಯುವುದಿಲ್ಲ. ಅವರು ಅಲ್ಲಿನ ಸೂರ್ಯೋದಯದಿಂದಲೇ ಲೆಕ್ಕ ಹಾಕಬೇಕು.

3. ರಾಹುಕಾಲದ ಪಟ್ಟಿಯನ್ನು ಕಣ್ಣುಮುಚ್ಚಿ ಓದಬಾರದು

ಸೋಮವಾರ ಏಳೂವರೆಯಿಂದ ಒಂಬತ್ತು, ಶನಿವಾರ ಒಂಬತ್ತರಿಂದ ಹತ್ತೂವರೆ. ಈ ಪಟ್ಟಿ ಎಲ್ಲರಿಗೂ ಬಾಯಿಪಾಠ. ಆರಕ್ಕೆ ಸೂರ್ಯ ಹುಟ್ಟಿ ಆರಕ್ಕೆ ಮುಳುಗುತ್ತಾನೆ ಎಂದು ಇಟ್ಟುಕೊಂಡು ಹಗಲನ್ನು ಎಂಟು ಭಾಗ ಮಾಡಿದ ಪಟ್ಟಿ ಇದು. ನಿಜವಾದ ಲೆಕ್ಕದಲ್ಲಿ ಅವತ್ತಿನ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತನ್ನು ಎಂಟರಿಂದ ಭಾಗಿಸಬೇಕು. ಭಾನುವಾರದಿಂದ ಎಣಿಸಿದರೆ ರಾಹುವಿನದು ಎಂಟು, ಎರಡು, ಏಳು, ಐದು, ಆರು, ನಾಲ್ಕು, ಮೂರನೆಯ ಭಾಗ.

ಫೆಬ್ರುವರಿ ನಡುವಿನ ಒಂದು ಸೋಮವಾರ ನೋಡಿ. ನಮ್ಮಲ್ಲಿ ಸೂರ್ಯೋದಯ 6:45, ಸೂರ್ಯಾಸ್ತ 6:29. ಹಗಲು 704 ನಿಮಿಷ, ಎಂಟನೆಯ ಒಂದು ಭಾಗ 88 ನಿಮಿಷ. ಸೋಮವಾರಕ್ಕೆ ಎರಡನೆಯ ಭಾಗ, ಅಂದರೆ 8:13ರಿಂದ 9:41. ಪಟ್ಟಿ ನೋಡಿಕೊಂಡು "ರಾಹುಕಾಲ ಕಳೀತು" ಎಂದು ನಾಗಮಂಗಲದಲ್ಲಿ ಒಬ್ಬರು 9:05ಕ್ಕೆ ಗುದ್ದಲಿ ಪೂಜೆ ಮಾಡಿದರೆ, ಈ ಲೆಕ್ಕದ ಪ್ರಕಾರ ಅವರು ರಾಹುಕಾಲದ ನಡುಮಧ್ಯದಲ್ಲಿ ಗುದ್ದಲಿ ಹಾಕಿದ ಹಾಗಾಯಿತು.

ಬುಧವಾರದಲ್ಲಿ ಇದನ್ನು ಇನ್ನೂ ಸುಲಭವಾಗಿ ಕಾಣಬಹುದು. ಬುಧವಾರದ್ದು ಐದನೆಯ ಭಾಗವಾದ್ದರಿಂದ ಅದು ಶುರುವಾಗುವುದು ಸರಿಯಾಗಿ ನಡುಹಗಲಿಗೆ. ನಮ್ಮ ಗಡಿಯಾರ ನಡೆಯುವುದು 82½ ಡಿಗ್ರಿಯ ಸಮಯದಲ್ಲಿ, ನಾವಿರುವುದು 76.7 ಡಿಗ್ರಿಯ ಸುಮಾರಿನಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ 23 ನಿಮಿಷ ಹಿಂದೆ ಬೀಳುತ್ತೇವೆ. ಅದರ ಮೇಲೆ ಸೂರ್ಯನ ಓಟದ ಏರುಪೇರು ಬೇರೆ. ಹಾಗಾಗಿ ನಮ್ಮ ನಡುಹಗಲು ಹನ್ನೆರಡಕ್ಕೆ ಬರುವುದೇ ಇಲ್ಲ. ನವೆಂಬರ್ ಮೊದಲ ದಿನಗಳಲ್ಲಿ 12:07, ಫೆಬ್ರುವರಿ ನಡುವಿನಲ್ಲಿ 12:37. ಅಕ್ಟೋಬರ್ ಕೊನೆಯಲ್ಲಿ ಪಟ್ಟಿಯೂ ಲೆಕ್ಕವೂ ಹೆಚ್ಚುಕಡಿಮೆ ಕೂಡುವುದು, ಮದುವೆಗಳ ಕಾಲದಲ್ಲಿ ಅರ್ಧ ಗಂಟೆಗೂ ಮೀರಿ ಬೇರೆಯಾಗುವುದು ಇದರಿಂದಲೇ. ಅಭಿಜಿತ್ ಮುಹೂರ್ತಕ್ಕೂ ಇದೇ ಮಾತು. ಹಗಲಿನ ಹದಿನೈದು ಭಾಗಗಳಲ್ಲಿ ಎಂಟನೆಯದು ಅದು, ನಡುಹಗಲಿನ ಆಚೀಚೆ ಇಪ್ಪತ್ಮೂರು, ಇಪ್ಪತ್ನಾಲ್ಕು ನಿಮಿಷ. ಬುಧವಾರ ಅದನ್ನು ಹೇಳುವುದಿಲ್ಲ, ಅದರ ಅರ್ಧ ರಾಹುಕಾಲಕ್ಕೆ ಸೇರಿಹೋಗುತ್ತದೆ.

ಪಟ್ಟಿಯನ್ನೇ ನಂಬಿ ನಡೆಯುವ ಹಿರಿಯರನ್ನು ನಾನು ತಪ್ಪು ಎನ್ನುವುದಿಲ್ಲ, ಅದೂ ಒಂದು ರೂಢಿ. ಆದರೆ "ಇವತ್ತಿನ ಸೂರ್ಯೋದಯಕ್ಕೆ" ಎಂದು ಬಾಯಲ್ಲಿ ಹೇಳಿ ಪಟ್ಟಿಯನ್ನು ಓದುವುದು ಮಾತ್ರ ತಪ್ಪು.

4. ಮಧ್ಯರಾತ್ರಿ ದಾಟಿದ ಸಮಯದಲ್ಲಿ ವಾರದ ಹೆಸರು ಜೋಪಾನ

ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ನಮ್ಮ ಫೋನಿನ ದಿನ ರಾತ್ರಿ ಹನ್ನೆರಡರಿಂದ ಹನ್ನೆರಡಕ್ಕೆ. 2024ರ ಅಕ್ಟೋಬರ್ 31, ಗುರುವಾರದ ಸಾಲಿನಲ್ಲಿ ಚಿತ್ತಾ ನಕ್ಷತ್ರ ರಾತ್ರಿ 12:45ರವರೆಗೆ. ಪಂಚಾಂಗಕ್ಕೆ ಅದು ಇನ್ನೂ ಗುರುವಾರ, ಕ್ಯಾಲೆಂಡರಿಗೆ ಆಗಲೇ ನವೆಂಬರ್ 1, ಶುಕ್ರವಾರ. ಕೆಲವು ಕಡೆ ಇದನ್ನೇ 24:45 ಎಂದು ಅಚ್ಚು ಹಾಕುತ್ತಾರೆ. ಅದನ್ನು ನೋಡಿ ಅವಸರದಲ್ಲಿ "12:45" ಎಂದಷ್ಟೇ ಬರೆದರೆ ವಿಡಿಯೋಗೆ ಧ್ವನಿ ಕೊಡುವ ಹುಡುಗಿ "ಮಧ್ಯಾಹ್ನ" ಎಂದು ಸೇರಿಸಿಬಿಡುತ್ತಾಳೆ. ನಮ್ಮಲ್ಲಿ ಹಾಗೆ ಆಗಿದೆ.

ಅಂದಿನಿಂದ ನಾನು ಹಗಲು ರಾತ್ರಿ ಎರಡಕ್ಕೂ ಗಂಟೆಯ ಮುಂದೆ ಹೊತ್ತಿನ ಹೆಸರು ಹಾಕುತ್ತೇನೆ. ನಾಲ್ಕಕ್ಕೆ "ಬೆಳಗಿನ ಜಾವ", ಹನ್ನೆರಡೂಮುಕ್ಕಾಲಿಗೆ "ಇವತ್ತು ಮಧ್ಯರಾತ್ರಿ ದಾಟಿ". ಬೆಳಗಿನ ಜಾವದ್ದಾದರೆ ಇನ್ನೊಂದು ಮಾತು ಸೇರಿಸುತ್ತೇನೆ: "ಅಂದರೆ ನಾಳೆ ಸೂರ್ಯ ಹುಟ್ಟುವ ಮುಂಚೆ". ಎರಡು ಸೆಕೆಂಡು ಜಾಸ್ತಿ ಹಿಡಿದರೂ ಅದನ್ನು ಬಿಡುವುದಿಲ್ಲ.

5. ಘಳಿಗೆಯನ್ನು ಗಂಟೆ ಮಾಡುವಾಗ ಸೂರ್ಯೋದಯ ಕೂಡಿಸಲು ಮರೆಯಬೇಡಿ

ಮನೆಯಲ್ಲಿರುವ ಹಳೆಯ ಶೈಲಿಯ ಪಂಚಾಂಗದಲ್ಲಿ ತಿಥಿಯ ಮುಂದೆ ಘಳಿಗೆ, ವಿಘಳಿಗೆ ಇರುತ್ತವೆ. ಒಂದು ಘಳಿಗೆಗೆ 24 ನಿಮಿಷ, ಎಣಿಕೆ ಸೂರ್ಯೋದಯದಿಂದ. ಅದೇ ಅಕ್ಟೋಬರ್ 31ಕ್ಕೆ ನಮ್ಮ ಸೂರ್ಯೋದಯ 6:16, ಚತುರ್ದಶಿ 24 ಘಳಿಗೆ ಎಂದುಕೊಳ್ಳಿ. 24ನ್ನು 24ರಿಂದ ಗುಣಿಸಿದರೆ 576 ನಿಮಿಷ, ಅಂದರೆ 9 ಗಂಟೆ 36 ನಿಮಿಷ. ಸೂರ್ಯೋದಯಕ್ಕೆ ಕೂಡಿಸಿದರೆ ಮಧ್ಯಾಹ್ನ 3:52. ಸೂರ್ಯೋದಯವನ್ನು ಆರು ಎಂದು ಹಿಡಿದಿದ್ದರೆ ಹದಿನಾರು ನಿಮಿಷ ತಪ್ಪು. ಫೆಬ್ರುವರಿಯಲ್ಲಾದರೆ ತಪ್ಪು ಮುಕ್ಕಾಲು ಗಂಟೆ.

ಅಚ್ಚಿನ ತಪ್ಪು ಹಿಡಿಯಲು ಒಂದು ಒರೆ ಇದೆ. ತಿಥಿ ಮುಗಿಯುವ ಸಮಯ ಹಿಂದಿನ ದಿನದ್ದಕ್ಕಿಂತ ಎರಡೂಮುಕ್ಕಾಲು ಗಂಟೆಗಿಂತ ಹೆಚ್ಚು ತಡವಾಗುವುದಿಲ್ಲ, ನಾಲ್ಕು ಗಂಟೆಗಿಂತ ಹೆಚ್ಚು ಬೇಗ ಆಗುವುದೂ ಇಲ್ಲ. ಹಿಂದಿನ ದಿನ ತ್ರಯೋದಶಿ ಮಧ್ಯಾಹ್ನ 1:15ಕ್ಕೆ ಮುಗಿದಿತ್ತು, ಈ ದಿನ ಚತುರ್ದಶಿ 3:52ಕ್ಕೆ. 2 ಗಂಟೆ 37 ನಿಮಿಷ ತಡ, ಆಗಬಹುದಾದ್ದೇ. 5:52 ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ ಬೇರೆ ಪಂಚಾಂಗ ತೆಗೆಯಬೇಕು.

6. ಹಬ್ಬ, ವ್ರತ ಉದಯದ ತಿಥಿಯನ್ನು ಕಾಯುವುದಿಲ್ಲ

ನನ್ನ ದೊಡ್ಡ ತಪ್ಪು ಆದದ್ದು ಸಂಕಷ್ಟಹರ ಚತುರ್ಥಿಯಲ್ಲಿ. ಬೆಳಗ್ಗೆ ಚತುರ್ಥಿ ಇದ್ದ ದಿನವನ್ನೇ "ಇವತ್ತು ಸಂಕಷ್ಟಿ" ಎಂದು ಬರೆದೆ. ಚತುರ್ಥಿ ಹಿಂದಿನ ಸಂಜೆಯೇ ಬಂದಿತ್ತು, ಆ ರಾತ್ರಿ ಚಂದ್ರ ಹುಟ್ಟುವಾಗ ಇದ್ದದ್ದೂ ಅದೇ. ನಾನು ಹೇಳಿದ ದಿನ ಚಂದ್ರೋದಯದ ಹೊತ್ತಿಗೆ ಪಂಚಮಿ. ಸಂಜೆ ಕೆ.ಆರ್. ಪೇಟೆ ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಫೋನಿನಿಂದ ಮಾತಾಡಿದರು. "ನಿಮ್ಮ ಇಡಿಯೋ ನೋಡ್ಕಂಡು ಬೆಳಗ್ಗಿಂದ ಉಪ್ವಾಸ ಇವ್ನಿ ಕನಪ್ಪ. ಗುಡೀಲಿ ನಿನ್ನೆನೇ ಆಯ್ತು ಅಂತಾವ್ರೆ. ಈಗ ಏನ್ ಮಾಡ್ಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಷಮೆ ಕೇಳಿದೆ. ಮಾರನೆಯ ದಿನದ ವಿಡಿಯೋದಲ್ಲಿ ಮೊದಲ ಮಾತಾಗಿ ತಪ್ಪನ್ನು ಒಪ್ಪಿಕೊಂಡೆ.

ಸಂಕಷ್ಟಿಗೆ ಚಂದ್ರೋದಯ, ವಿನಾಯಕ ಚೌತಿಗೂ ರಾಮನವಮಿಗೂ ಮಧ್ಯಾಹ್ನ, ಶಿವರಾತ್ರಿಗೆ ನಡುರಾತ್ರಿ, ತಿಥಿ ಕಾರ್ಯಕ್ಕೆ ಅಪರಾಹ್ನ. ಆಯಾ ಹೊತ್ತಿಗೆ ತಿಥಿ ಇರಬೇಕು. ಈ ಪಟ್ಟಿಯನ್ನು ಮೇಜಿನ ಮುಂದೆ ಗೋಡೆಗೆ ಅಂಟಿಸಿದ್ದೇನೆ.

2024ರ ದೀಪಾವಳಿ ಇದಕ್ಕೆ ಒಳ್ಳೆಯ ಉದಾಹರಣೆ. ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ 3:52ಕ್ಕೆ ಬಂದು ನವೆಂಬರ್ 1ರ ಸಂಜೆ 6:16ಕ್ಕೆ ಮುಗಿಯಿತು. 26 ಗಂಟೆ 24 ನಿಮಿಷದ ಉದ್ದನೆಯ ತಿಥಿ. ಕ್ಯಾಲೆಂಡರಿನ ಚೌಕದಲ್ಲಿ ಅಮಾವಾಸ್ಯೆ ಇದ್ದದ್ದು ನವೆಂಬರ್ 1ಕ್ಕೆ, ಏಕೆಂದರೆ ಸೂರ್ಯೋದಯದ ಅಮಾವಾಸ್ಯೆ ಅವತ್ತು. ಲಕ್ಷ್ಮೀಪೂಜೆಗೆ ಬೇಕಾದದ್ದು ಪ್ರದೋಷದ ಹೊತ್ತು, ಸೂರ್ಯ ಮುಳುಗಿದ ಮೇಲಿನದು. 31ರ ಸಂಜೆ ಪೂರ್ತಿ ಅಮಾವಾಸ್ಯೆ. 1ರ ಸಂಜೆ ಶ್ರೀರಂಗಪಟ್ಟಣದಲ್ಲಿ ಸೂರ್ಯಾಸ್ತ 5:57ಕ್ಕೆ, ಅಲ್ಲಿಂದ 6:16ಕ್ಕೆ ಉಳಿದದ್ದು ಹತ್ತೊಂಬತ್ತು ನಿಮಿಷ.

ಎರಡನೆಯ ದಿನ ಸೂರ್ಯಾಸ್ತದ ಮೇಲೆ ಒಂದು ಘಳಿಗೆಯಾದರೂ ಅಮಾವಾಸ್ಯೆ ಇದ್ದರೆ ಆ ದಿನವೇ ಎಂಬ ಮತವೂ ಧರ್ಮಶಾಸ್ತ್ರದಲ್ಲಿ ಇದೆ. ದೆಹಲಿಯಲ್ಲಿ ಅವತ್ತು ಸೂರ್ಯ 5:36ಕ್ಕೇ ಮುಳುಗಿದ, ಅಲ್ಲಿ ನಲವತ್ತು ನಿಮಿಷ ಉಳಿಯಿತು, ಒಂದೂವರೆ ಘಳಿಗೆಗೂ ಜಾಸ್ತಿ. ನಮಗೆ ಉಳಿದದ್ದು ಒಂದು ಘಳಿಗೆಗೆ ಐದು ನಿಮಿಷ ಕಡಿಮೆ. ಒಂದೇ ತಿಥಿ, ಒಂದೇ ನಿಯಮ, ಆದರೂ ಎರಡು ಊರಿಗೆ ಎರಡು ಉತ್ತರ. ಉತ್ತರ ಭಾರತದಲ್ಲಿ 31ರೋ 1ರೋ ಎಂದು ದೊಡ್ಡ ಚರ್ಚೆಯೇ ಆಯಿತು. ಅಲ್ಲಿನ ವಿಡಿಯೋಗಳು ಇಲ್ಲಿಯ ಫೋನುಗಳಿಗೂ ಬಂದವು, ಜನ ಗಾಬರಿಯಾದರು. ಅವತ್ತು ನಾನು ಬರೆದದ್ದು ಹೀಗೆ:

"ಇವತ್ತು ಅಕ್ಟೋಬರ್ ಮೂವತ್ತೊಂದು, ಗುರುವಾರ. ಕ್ರೋಧಿ ಸಂವತ್ಸರ, ಆಶ್ವಯುಜ ಮಾಸ, ಕೃಷ್ಣ ಪಕ್ಷ. ಚತುರ್ದಶಿ ಮಧ್ಯಾಹ್ನ ಮೂರು ಐವತ್ತೆರಡರವರೆಗೆ, ಆಮೇಲೆ ಅಮಾವಾಸ್ಯೆ. ಚಿತ್ತಾ ನಕ್ಷತ್ರ ಇವತ್ತು ಮಧ್ಯರಾತ್ರಿ ದಾಟಿ ಹನ್ನೆರಡೂಮುಕ್ಕಾಲರವರೆಗೆ. ಶ್ರೀರಂಗಪಟ್ಟಣದ ಸೂರ್ಯೋದಯಕ್ಕೆ ರಾಹುಕಾಲ ಮಧ್ಯಾಹ್ನ ಒಂದು ಮೂವತ್ತೈದರಿಂದ ಮೂರು ಎರಡರವರೆಗೆ. ನರಕ ಚತುರ್ದಶಿಯ ಎಣ್ಣೆನೀರು ಇವತ್ತು ಬೆಳಗ್ಗೆ. ಅಮಾವಾಸ್ಯೆಯ ಸಂಜೆ ಪೂಜೆ ಮಾಡುವವರಿಗೆ ನಮ್ಮ ಊರಿನ ಲೆಕ್ಕದಲ್ಲಿ ಇವತ್ತು ಸಂಜೆ ಪೂರ್ತಿ ಅಮಾವಾಸ್ಯೆ ಇದೆ, ನಾಳೆ ಸೂರ್ಯ ಮುಳುಗಿದ ಮೇಲೆ ಹತ್ತೊಂಬತ್ತು ನಿಮಿಷ ಮಾತ್ರ. ನಿಮ್ಮ ಮನೆಯ ಪದ್ಧತಿಯನ್ನು ನಿಮ್ಮ ಪುರೋಹಿತರಲ್ಲಿ ಕೇಳಿ."

ಅಂಕಿಗಳನ್ನು ಅಕ್ಷರದಲ್ಲಿ ಬರೆದಿರುವುದು ಓದುವವರಿಗಾಗಿ. "3:52" ಎಂದು ಬರೆದುಕೊಟ್ಟರೆ ಒಬ್ಬೊಬ್ಬರು ಒಂದೊಂದು ಥರ ಓದುತ್ತಾರೆ. ಪರದೆಯ ಮೇಲೆ ಮಾತ್ರ ಅಂಕಿ ಹಾಕುತ್ತೇವೆ, ಕಿವಿ ಮಂದವಾದವರು ನೋಡಿಕೊಳ್ಳಲಿ ಎಂದು.

7. ಒಂದು ಪಂಚಾಂಗ ಹಿಡಿಯಿರಿ, ಅದರ ಪದ್ಧತಿ ಹೇಳಿ

ಹಳೆಯ ಸಿದ್ಧಾಂತದ ಲೆಕ್ಕದಲ್ಲಿ ತಿಥಿ 65 ಘಳಿಗೆಗಿಂತ ಬೆಳೆಯುವುದಿಲ್ಲ, 54ಕ್ಕಿಂತ ಕುಗ್ಗುವುದಿಲ್ಲ. ಇದನ್ನೇ ಪುರೋಹಿತರು "ಬಾಣವೃದ್ಧಿ, ರಸಕ್ಷಯ" ಎನ್ನುತ್ತಾರೆ. ಬಾಣ ಎಂದರೆ ಐದು, ರಸ ಎಂದರೆ ಆರು. ಮೇಲಿನ ಅಮಾವಾಸ್ಯೆ 66 ಘಳಿಗೆ, ಆ ಗಡಿಯನ್ನು ದಾಟಿದೆ, ಏಕೆಂದರೆ ಅದು ಆಕಾಶವನ್ನು ನೋಡಿ ಕೂಡಿಸಿದ ದೃಗ್ಗಣಿತದ ಲೆಕ್ಕ. ಎರಡು ಪದ್ಧತಿಯ ಪಂಚಾಂಗಗಳಲ್ಲಿ ಮುಕ್ತಾಯ ಗಂಟೆಗಟ್ಟಲೆ ಬೇರೆಯಾಗುವುದುಂಟು. ಇದರಿಂದ ತಿಥಿ, ಅದರಿಂದ ನಕ್ಷತ್ರ ಎಂದು ಕಲಸಿದರೆ ಎರಡೂ ಕೆಡುತ್ತವೆ.

ಏಕಾದಶಿಯಲ್ಲಿ ಸ್ಮಾರ್ತರಿಗೂ ವೈಷ್ಣವರಿಗೂ ಕೆಲವೊಮ್ಮೆ ಒಂದು ದಿನ ವ್ಯತ್ಯಾಸ ಬರುತ್ತದೆ. ಅರುಣೋದಯಕ್ಕೆ, ಅಂದರೆ ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮುಂಚೆ, ದಶಮಿ ಇನ್ನೂ ಇದ್ದರೆ ವೈಷ್ಣವರು ಆ ದಿನ ಬಿಟ್ಟು ಮಾರನೆಯ ದಿನ ಉಪವಾಸ ಮಾಡುತ್ತಾರೆ. ಮೇಲುಕೋಟೆಯೂ ಶ್ರೀರಂಗಪಟ್ಟಣವೂ ಇರುವ ಸೀಮೆಯಲ್ಲಿ ಒಂದೇ ದಿನ ಹೇಳಿ ಮುಗಿಸಲಾಗದು. ಆ ಎರಡು ದಿನವೂ ಎರಡು ಸಾಲು ಬರೆಯುತ್ತೇನೆ.

ದೇವಸ್ಥಾನದ ಉತ್ಸವದ ದಿನಾಂಕವನ್ನು ನಾನೇ ಲೆಕ್ಕ ಹಾಕಿ ಹೇಳುವುದನ್ನು ಪೂರ್ತಿ ಬಿಟ್ಟಿದ್ದೇನೆ. ಮೇಲುಕೋಟೆಯ ವೈರಮುಡಿ ಪುಷ್ಯ ನಕ್ಷತ್ರಕ್ಕೆ ಸೇರಿದ್ದು. 2024ರಲ್ಲಿ ಅದು ಯುಗಾದಿಗೆ ಮುಂಚೆ ಮಾರ್ಚ್‌ನಲ್ಲಿ ಬಂತು, 2025ರಲ್ಲಿ ಯುಗಾದಿ ಕಳೆದು ಏಪ್ರಿಲ್‌ನಲ್ಲಿ. ತಿಥಿ ಹಿಡಿದು ಹುಡುಕಿದರೆ ಸಿಗುವುದಿಲ್ಲ. ದೇವಸ್ಥಾನದವರು ಪ್ರಕಟಿಸಿದ ದಿನವನ್ನೇ ಓದುತ್ತೇನೆ.

8. ಮುಹೂರ್ತ ಇಟ್ಟುಕೊಡುವ ಕೆಲಸ ವಿಡಿಯೋದ್ದಲ್ಲ

ಗುಳಿಕ ಕಾಲವನ್ನು ನಾನು "ಕೆಟ್ಟದ್ದು" ಎಂದು ಬರೆಯುವುದಿಲ್ಲ. ಗುಳಿಕದಲ್ಲಿ ಮಾಡಿದ್ದು ಮರುಕಳಿಸುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹಾಗಾಗಿ ಒಡವೆ ಕೊಳ್ಳುವವರು ಅದನ್ನು ಹುಡುಕುತ್ತಾರೆ, ಹೆಣ ಎತ್ತುವವರು ತಪ್ಪಿಸುತ್ತಾರೆ. ಸಮಯವನ್ನು ಹೇಳಿ ಬಿಡುತ್ತೇನೆ.

ಮದುವೆ, ಗೃಹಪ್ರವೇಶಕ್ಕೆ ದಿನ ಕೇಳಿ ಬರುವ ಕರೆಗಳೇ ಹೆಚ್ಚು. ನಾಗಮಂಗಲದ ಕಡೆಯ ಒಬ್ಬರು ಮಗಳ ಮದುವೆಗೆ ನಮ್ಮ ವಿಡಿಯೋದ ಅಭಿಜಿತ್ ಸಮಯವನ್ನೇ ಧಾರೆಗೆ ಗೊತ್ತು ಮಾಡಿ, ಛತ್ರಕ್ಕೆ ಮುಂಗಡ ಕೊಡಲು ಹೊರಟಿದ್ದರು. "ನಿಲ್ಲಿ ಅಣ್ಣ, ಹುಡುಗ ಹುಡುಗಿಯ ನಕ್ಷತ್ರ ನೋಡಿ ತಾರಾಬಲ, ಚಂದ್ರಬಲ ಬೇಕು, ಲಗ್ನಶುದ್ಧಿ ಬೇಕು, ನಾನು ಹೇಳೋದರಲ್ಲಿ ಅದು ಯಾವುದೂ ಇಲ್ಲ" ಎಂದೆ. ಅವರಿಗೆ ಸ್ವಲ್ಪ ಬೇಸರವೇ ಆಯಿತು. ಎರಡು ದಿನ ಬಿಟ್ಟು ಅವರ ಊರಿನ ಪುರೋಹಿತರೇ ಫೋನ್ ಮಾಡಿ, ನಾನು ಯಾವ ಸೂರ್ಯೋದಯ ಹಿಡಿದಿದ್ದೇನೆ ಎಂದು ಕೇಳಿದರು. ಹೇಳಿದೆ. ತಮ್ಮ ಪುಸ್ತಕದಲ್ಲಿ ನೋಡಿ, ಒಂದು ನಿಮಿಷ ವ್ಯತ್ಯಾಸ ಇದೆ ಎಂದರು. ಈಗ ಏಕಾದಶಿ, ಸಂಕಷ್ಟಿ, ಗ್ರಹಣದ ಹಿಂದಿನ ರಾತ್ರಿ ಬರೆದದ್ದನ್ನು ಮೊದಲು ಅವರಿಗೆ ಕಳಿಸುತ್ತೇನೆ. ಅವರು ನೋಡಿ "ಸರಿ" ಎಂದ ಮೇಲೆಯೇ ಧ್ವನಿ ಕೊಡುವ ಹುಡುಗಿಗೆ ಹೋಗುತ್ತದೆ.